ಒತ್ತಕ್ಷರದ ಚಾರ್ಟಿನ ಬೆನ್ನು

ನಾನು ಕೆಲಸ ಮಾಡುವ ಪ್ರೆಸ್ಸಿನಲ್ಲಿ ನನಗಿರುವ ಹುದ್ದೆಯ ಹೆಸರು ಡಿಸೈನರ್. ಅಂದರೆ ಮದುವೆ ಕಾರ್ಡಿನಲ್ಲಿ ಹೆಣ್ಣಿನ ಹೆಸರಿನ ಜಾಗಕ್ಕೆ ಗಂಡಿನ ಅಜ್ಜಿಯ ಹೆಸರು ಕೂರಿಸಿ, ಬೈಸಿಕೊಂಡು, ಮತ್ತೆ ಸರಿಮಾಡುವವನು. ಓದಿನಲ್ಲಿ ನಾನು ಎಷ್ಟರವನು ಎಂಬುದಕ್ಕೆ ಹತ್ತನೇ ತರಗತಿಯ ಕನ್ನಡದ ಅಂಕವೇ ಸಾಕ್ಷಿ. ಅದನ್ನು ಇಲ್ಲಿ ಹೇಳುವುದಿಲ್ಲ. ಇಂಥವನ ಕೈಗೆ ಎರಡನೇ ತರಗತಿಯ ಮಕ್ಕಳಿಗಾಗಿ ಒತ್ತಕ್ಷರದ ಚಾರ್ಟ್ ಮಾಡುವ ಕೆಲಸ ಬಂದರೆ ಏನಾಗಬೇಕೋ ಅದೇ ಆಯಿತು.

ಆದರೆ ಇದು ನನ್ನ ಕಥೆಯಲ್ಲ, ನಮ್ಮಕ್ಕನದು. ಅಕ್ಕ ಹದಿಮೂರು ವರ್ಷದಿಂದ ಎರಡನೇ ತರಗತಿಯ ಟೀಚರ್. ಬಡ್ತಿ ಕೊಡುತ್ತೇವೆ, ಏಳನೆಯದಕ್ಕೆ ಹೋಗಿ ಎಂದರೂ ಹೋಗಲಿಲ್ಲ. "ಅಲ್ಲಿಗೆ ಬರೋ ಹೊತ್ತಿಗೆ ಮಕ್ಕಳು ಕೆಟ್ಟಿರ್ತಾವೆ. ಕೆಡೋದು ಎರಡನೇ ಕ್ಲಾಸಲ್ಲಿ, ಒತ್ತಕ್ಷರದಲ್ಲಿ. ಬಾಗಿಲಲ್ಲಿ ನಾನೇ ನಿಂತಿರ್ತೀನಿ" ಎನ್ನುತ್ತಾಳೆ. ಅವಳಿಗೆ ಸಿಟ್ಟು ಮೂಗಿನ ತುದಿಯಲ್ಲಿ ಎಂದು ನೆಂಟರೆಲ್ಲ ಹೇಳುತ್ತಾರೆ. ಅದು ತಪ್ಪು. ಮೂಗಿನವರೆಗೂ ಹೋಗುವ ತಾಳ್ಮೆ ಅವಳ ಸಿಟ್ಟಿಗಿಲ್ಲ, ನಾಲಿಗೆಯ ಮೇಲೆಯೇ ಇರುತ್ತದೆ. ಮಕ್ಕಳ ಮುಂದೆ ಮಾತ್ರ ಅದು ಎಲ್ಲಿ ಅಡಗುತ್ತದೋ ಗೊತ್ತಿಲ್ಲ.

ಚಾರ್ಟ್ ಶಾಲೆಗೆ ತಲುಪಿದ ದಿನ ಸಂಜೆ ಅವಳು ಚಪ್ಪಲಿ ಬಿಡುವ ಮೊದಲೇ ಕೇಳಿದಳು. "ಮೂಲೇಲಿ ನಿಮ್ಮ ಪ್ರೆಸ್ಸಿನ ಹೆಸರಿದೆ. ಮಾಡಿದೋನು ಯಾರು?"

ನಾನು ಹೆಮ್ಮೆಯಿಂದ "ನಾನೇ" ಎಂದೆ. ಹೊಗಳಿಕೆ ಬರುತ್ತದೆ ಎಂದುಕೊಂಡಿದ್ದೆ.

"ನೀನೇ. ಸರಿ. ಘ ಒತ್ತಿಗೆ ಏನು ಪದ ಹಾಕಿದ್ದೀಯ?"

"ಉದ್ಘಾಟನೆ."

"ಚಿತ್ರ?"

"ರಿಬ್ಬನ್ನು, ಕತ್ತರಿ."

"ಏಳು ವರ್ಷದ ಮಗು ಕತ್ತರಿ ನೋಡಿ ಏನನ್ನುತ್ತೆ?"

ಅಡುಗೆಮನೆಯಿಂದ ಅಮ್ಮ, "ಕತ್ತರಿ ಅನ್ನುತ್ತೆ" ಎಂದಳು. ಅಮ್ಮ ಶಾಲೆಗೆ ಹೋದದ್ದು ನಾಲ್ಕೇ ವರ್ಷ.

"ಛ ಒತ್ತಿಗೆ ಸ್ವಚ್ಛ, ಪಕ್ಕದಲ್ಲಿ ಪೊರಕೆ. ಠ ಒತ್ತಿಗೆ ಕಾಷ್ಠ. ಲೋ, ನೀನು ಹುಟ್ಟಿದಾಗಿಂದ ಒಂದು ಸಲ ಬಾಯಲ್ಲಿ ಕಾಷ್ಠ ಅಂದಿದ್ದೀಯಾ?"

ಪ್ರೆಸ್ಸಿನ ಯಜಮಾನರು ಚಾರ್ಟಿನ ಒಂದು ಮನೆಯೂ ಖಾಲಿ ಬಿಡಬೇಡ ಎಂದಿದ್ದರು ಎಂದೆ. ಕ ಇಂದ ಳ ವರೆಗೆ ಮೂವತ್ತನಾಲ್ಕು ಮನೆ, ಶಿಕ್ಷಣ ಇಲಾಖೆಯ ಕಚೇರಿಯಿಂದ ಬಂದ ಪಟ್ಟಿ ಹಾಗೆಯೇ ಇತ್ತು, ನಾನು ಬರೀ ತುಂಬಿದೆ. ಅಕ್ಕ ತಟ್ಟೆಗೆ ಅನ್ನ ಹಾಕಿಕೊಂಡವಳು ಉಣ್ಣದೆ ಕೂತಳು. "ತುಂಬಿದೆ ಅಂತಾನೆ. ಚೀಲಕ್ಕೆ ಹೊಟ್ಟು ತುಂಬಿದ ಹಾಗೆ."

ಅವಳ ದಾರಿ ಬೇರೆ. ಮೊದಲ ವಾರ ಬರೆಯುವುದೇ ಇಲ್ಲ. ಬಾಯಲ್ಲಿ ಹೇಳಿ ಚಪ್ಪಾಳೆ ತಟ್ಟುವುದಷ್ಟೇ. ಕತೆ, ಕತ್ತೆ. ಎಲೆ, ಎಲ್ಲ. ನಾಲಿಗೆ ಎಲ್ಲಿ ತಡೆದು ನಿಲ್ಲುತ್ತದೆ ಎಂದು ಮಕ್ಕಳೇ ಕಂಡುಕೊಳ್ಳಬೇಕು. ಎರಡನೇ ವಾರ ಅಪ್ಪ, ಅಕ್ಕ, ಅಜ್ಜ, ಅಣ್ಣ. ಇವೆಲ್ಲ ಮನೆಯಲ್ಲಿ ದಿನವೂ ಕೂಗುವ ಹೆಸರುಗಳು. ಜೊತೆಗೆ ಇವುಗಳ ಒತ್ತು ಮೇಲಿನ ಅಕ್ಷರದ ಮರಿಯಂತೆಯೇ ಕಾಣುತ್ತದೆ. ತಲೆಕಟ್ಟು ಇದ್ದರೆ ಅದನ್ನು ಕಳಚಿಟ್ಟು ಕೆಳಗೆ ಕೂರುತ್ತದೆ, ಅಷ್ಟೇ. ಅಮ್ಮ ಬರುವುದು ಮೂರನೇ ವಾರ. ಅಲ್ಲಿಯವರೆಗೆ ಮಕ್ಕಳು "ಅಮ್ಮ ಯಾವಾಗ ಟೀಚರ್?" ಎಂದು ಪೀಡಿಸುತ್ತಾರೆ. ಮ, ನ, ತ, ಯ, ರ, ಲ ಇವುಗಳ ಒತ್ತು ವೇಷ ಹಾಕಿಕೊಂಡು ಬರುತ್ತದೆ, ಮೇಲಿನ ಅಕ್ಷರದ ಗುರುತೇ ಇರುವುದಿಲ್ಲ, ಅದಕ್ಕೇ ತಡ. ಆಮೇಲೆ ಗುಣಿತ ಸೇರುತ್ತದೆ: ಬೆಕ್ಕು, ಮೊಟ್ಟೆ. ಅದೆಲ್ಲ ಗಟ್ಟಿಯಾದ ಮೇಲೆ ಚಕ್ರ, ಪುಸ್ತಕ ಎಂದು ಬೇರೆ ಬೇರೆ ಅಕ್ಷರಗಳ ಜೋಡಿ. ಸೂರ್ಯ ಎಲ್ಲಕ್ಕಿಂತ ಕೊನೆಗೆ. ಒಟ್ಟು ಮೂರು ತಿಂಗಳು.

"ಹತ್ತು ದಿನದಲ್ಲಿ ಇಲಾಖೆ ಸಾಹೇಬರು ತಪಾಸಣೆಗೆ ಬರ್ತಾರಂತೆ" ಎಂದಳು ಅಕ್ಕ. "ಮಕ್ಕಳೆಲ್ಲ ಚಾರ್ಟ್ ಒಪ್ಪಿಸಬೇಕಂತೆ. ಇಲ್ಲದಿದ್ರೆ ನನ್ನ ಕ್ಲಾಸು ಬೆತ್ತದ ಮೇಷ್ಟ್ರಿಗಂತೆ. ಹೆಡ್‌ಮಾಸ್ಟ್ರು ಇವತ್ತು ನಗ್ತಾ ನಗ್ತಾ ಹೇಳಿದ್ರು."

ಬೆತ್ತದ ಮೇಷ್ಟ್ರು ನನಗೂ ಕಲಿಸಿದವರು. ನನ್ನ ಕನ್ನಡದ ಅಂಕದಲ್ಲಿ ಅವರ ಪಾಲೂ ಇದೆ.

ಅಕ್ಕನ ತರಗತಿಯಲ್ಲಿ ಟೈರಿಗೆ ಪಂಕ್ಚರ್ ಹಾಕುವವನ ಮಗಳೊಬ್ಬಳಿದ್ದಾಳೆ. ಮನೆಯಲ್ಲಿ ಅವಳನ್ನು ಕರೆಯುವುದು ಗುಬ್ಬಿ ಎಂದು. ವರ್ಷದ ಮೊದಲಲ್ಲಿ ತನ್ನ ಅಡ್ಡಹೆಸರನ್ನು ಬೋರ್ಡಿನ ಮೇಲೆ ನೋಡಿ ಅವಳು "ಗುಬಿಬ" ಎಂದು ಓದಿದ್ದಳು. ಅದು ಪೆದ್ದುತನವಲ್ಲ, ಲೆಕ್ಕಾಚಾರ: ಮೇಲೆ ಬಿ ಇದೆ, ಕೆಳಗೆ ಬ ಇದೆ, ಕಂಡದ್ದನ್ನು ಕಂಡ ಹಾಗೆ ಓದಿದಳು. ಗುಡಿಸು ಮೇಲಿನ ಅಕ್ಷರದ ತಲೆಯ ಮೇಲೆ ಕೂತಿದ್ದರೂ ಉಚ್ಚಾರದಲ್ಲಿ ಕೊನೆಗೆ ಬರುತ್ತದೆ ಎಂಬುದನ್ನು ಅಕ್ಕ ಅವಳಿಗೆ ಚಪ್ಪಾಳೆಯಲ್ಲಿ ತೋರಿಸಿದ್ದಳು. ಗುಬ್, ಬಿ. ಚಾರ್ಟ್ ಬರುವ ಹಿಂದಿನ ದಿನವಷ್ಟೇ ಆ ಹುಡುಗಿ ಗುಬ್ಬಿ, ಮೊಟ್ಟೆ, ಬೆಕ್ಕು ಮೂರನ್ನೂ ಒಂದೇ ಉಸಿರಿಗೆ ಓದಿ ಅಕ್ಕನ ಸೆರಗು ಹಿಡಿದು ಜಗ್ಗಿದ್ದಳಂತೆ. ಅಕ್ಕ ಅದನ್ನು ಮನೆಗೆ ಬಂದು ಮೂರು ಸಲ ಹೇಳಿದ್ದಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ದೊಣ್ಣೆ ತಯಾರಿಸಿ ನಾಲ್ಕು ಬಣ್ಣದಲ್ಲಿ ಮುದ್ರಿಸಿ ಎರಡೂ ಕಡೆ ಲ್ಯಾಮಿನೇಷನ್ ಮಾಡಿಸಿ ಕಳಿಸಿದವನು ನಾನು.

ಮರುದಿನದಿಂದ ಅಕ್ಕ ಚಾರ್ಟ್ ಒಪ್ಪಿಸಲು ಶುರುಮಾಡಿದಳು. ನನಗೆ ಆಶ್ಚರ್ಯವಾಯಿತು. ಅಕ್ಕ ಸೋತಳೇ? ಕೇಳಿದರೆ, "ಕೇಳಿದ್ದನ್ನೇ ಕೊಡ್ತಿದ್ದೀನಿ. ಪೂರ್ತಿ ಕೊಡ್ತೀನಿ" ಎಂದಳು. ಆ ದನಿ ನನಗೆ ಹಿಡಿಸಲಿಲ್ಲ.

ಸಾಹೇಬರು ಬಂದ ದಿನ ಉಳಿದ ಚಾರ್ಟುಗಳ ಕಟ್ಟು ಹೊತ್ತುಕೊಂಡು ನಾನೂ ಶಾಲೆಗೆ ಹೋಗಿದ್ದೆ. ಹೆಡ್‌ಮಾಸ್ಟ್ರು ನನ್ನನ್ನು ಎರಡನೇ ತರಗತಿಯ ಬಾಗಿಲಲ್ಲಿ ನಿಲ್ಲಿಸಿ, "ಇವನೇ ಸಾರ್, ಚಾರ್ಟ್ ಮಾಡಿದ ಹುಡುಗ" ಎಂದರು. ಸಾಹೇಬರು ನನ್ನ ಬೆನ್ನು ತಟ್ಟಿದರು. ಅಕ್ಕ ನೋಡಿದಳು. ಬೆನ್ನಿನ ಮೇಲಿದ್ದ ಆ ಕೈ ಕಾದ ಇಸ್ತ್ರಿಪೆಟ್ಟಿಗೆಯಾಯಿತು.

ಮಕ್ಕಳು ಎದ್ದು ನಿಂತು ಶುರುಮಾಡಿದರು. "ಕಕ್ಕೆ ಕ ಒತ್ತು ಕ್ಕ, ಖಕ್ಕೆ ಖ ಒತ್ತು ಖ್ಖ." ಎಲ್ಲಿಯೂ ತಡವರಿಸದೆ ಮೂವತ್ತನಾಲ್ಕು ಮನೆ ದಾಟಿದರು. ಸಾಹೇಬರು ತಲೆದೂಗಿದರು. ಹೆಡ್‌ಮಾಸ್ಟ್ರ ಮುಖ ಹಿಗ್ಗಿ ಹೀರೇಕಾಯಿ ಆಯಿತು.

"ಇನ್ನೊಂದು ನಿಮಿಷ ಸಾರ್" ಎಂದ ಅಕ್ಕ ಉದ್ದನೆಯ ರಟ್ಟಿನ ಪಟ್ಟಿ ತೆಗೆದು ಒಂದು ಸಾಲಿನ ಚಿತ್ರಗಳನ್ನೆಲ್ಲ ಮುಚ್ಚಿದಳು. ಉದ್ಘಾಟನೆಯ ಮೇಲೆ ಕೋಲಿಟ್ಟಳು. "ಇದೇನು?"

ಇಷ್ಟು ಹೊತ್ತು ಸೂರು ಕಿತ್ತುಹೋಗುವಂತೆ ಕೂಗುತ್ತಿದ್ದ ಕೋಣೆ ಗಪ್‌ಚುಪ್ಪಾಯಿತು. ಅಕ್ಕ ಪಟ್ಟಿ ಸರಿಸಿದಳು.

"ಕತ್ತರಿ!" ಇಡೀ ತರಗತಿ.

ಮುಂದೆ ಸ್ವಚ್ಛ. "ಪೊರಕೆ!" ಸಾಹೇಬರು ನಕ್ಕರು. ನಾನೂ ನಗಲು ಬಾಯಿ ತೆರೆದು ಮುಚ್ಚಿಕೊಂಡೆ.

ಅಕ್ಕ ನಗಲಿಲ್ಲ. ಬೋರ್ಡಿನ ಮೇಲೆ ಗುಬ್ಬಿ ಎಂದು ಬರೆದು ಆ ಹುಡುಗಿಯನ್ನು ಕರೆದಳು. ಹುಡುಗಿ ಬೋರ್ಡು ನೋಡಿದಳು, ಚಾರ್ಟು ನೋಡಿದಳು. ಚಾರ್ಟಿನಲ್ಲಿ ಗುಬ್ಬಿ ಇರಲಿಲ್ಲ. ಬ ಒತ್ತಿಗೆ ನಾನು ಹಬ್ಬ ಎಂದು ಹಾಕಿ ಗಂಟೆಯ ಚಿತ್ರ ಕೊಟ್ಟಿದ್ದೆ. ಹುಡುಗಿಯ ಕಣ್ಣು ಆ ಮನೆಯ ಮೇಲೆ ನಿಂತಿತು. ಆಮೇಲೆ ಮೆಲ್ಲಗೆ, ಕೇಳುವ ದನಿಯಲ್ಲಿ, "ಗಂಟೆ?" ಎಂದಳು.

"ಹತ್ತು ದಿನದ ಹಿಂದೆ ಈ ಮಗು ಇದನ್ನ ಓದ್ತಿತ್ತು ಸಾರ್" ಎಂದಳು ಅಕ್ಕ. "ಓದೋದನ್ನ ಬಿಡಿಸಿ ಒಪ್ಪಿಸೋದು ಕಲಿಸಿದ್ದೀನಿ. ನೀವು ಕೇಳಿದ್ದು ಅದನ್ನೇ. ಬರ್ಕೊಳ್ಳಿ."

ಹೆಡ್‌ಮಾಸ್ಟ್ರು ಕೆಮ್ಮಿದರು. ಸಾಹೇಬರು ಮಾತ್ರ ಒಳ್ಳೆಯ ಮನುಷ್ಯ, ಅದೇ ತೊಂದರೆ. "ಏನ್ ಮೇಡಂ ನೀವು, ನಿಮ್ಮ ಮಕ್ಕಳನ್ನ ನೀವೇ ಬಿಟ್ಟುಕೊಡ್ತೀರಿ. ಇಷ್ಟು ಚೆನ್ನಾಗಿ ಒಪ್ಪಿಸಿದ್ದಾರೆ. ಮೊದಲು ಬಾಯಿಗೆ ಬರಲಿ, ಓದು ಆಮೇಲೆ ತಾನಾಗೇ ಬರುತ್ತೆ" ಎಂದು ಸಮಾಧಾನ ಹೇಳಿ ಪುಸ್ತಕದಲ್ಲಿ 'ಉತ್ತಮ' ಎಂದು ಬರೆದರು. ಚಾರ್ಟ್ ಎಲ್ಲ ಶಾಲೆಗೂ ಹೋಗಲಿ, ಗೋಡೆಯಿಂದ ತೆಗೆಯಬಾರದು ಎಂದೂ ಸೇರಿಸಿದರು.

ಅಕ್ಕನ ತರಗತಿ ಅಕ್ಕನಿಗೇ ಉಳಿಯಿತು. ಸುಟ್ಟ ಗಾಯಕ್ಕೆ ಶಾಲು ಹೊದಿಸಿದ ಹಾಗೆ.

ಅವತ್ತು ಸಂಜೆ ಮನೆಯಲ್ಲಿ ಪಾತ್ರೆಗಳು ಮಾತಾಡಿದವು. ಕೊನೆಗೆ ಅಮ್ಮನೇ ಕೇಳಿದಳು. "ಇನ್ನೂ ಯಾರ ಮೇಲೆ ಸಿಟ್ಟೇ ನಿಂಗೆ?"

"ಎಲ್ಲರ ಮೇಲೂ. ಆ ಸಾಹೇಬ್ರ ಮೇಲೆ. ಇವನ ಮೇಲೆ. ಹೆಚ್ಚಿಗೆ ನನ್ನ ಮೇಲೆ." ತಟ್ಟೆ ತೊಳೆಯುತ್ತಿದ್ದ ಅಕ್ಕನ ಕೈ ನಿಂತಿತು. "ನನ್ನ ಜಗಳಕ್ಕೆ ಆ ಮಗೂನ ನಿಲ್ಲಿಸಿದೆ. ಹೋಗೋವಾಗ ಬಂದು ಕೇಳಿದ್ಲು, ಟೀಚರ್, ನಾನು ಗುಬ್ಬಿ ಅಲ್ವಾ ಅಂತ."

ಅಮ್ಮ ಅವಳ ಕೈಯಿಂದ ತಟ್ಟೆ ತೆಗೆದುಕೊಂಡು ತಾನೇ ತೊಳೆದಳು.

ಮರುದಿನ ನಾನು ಅಕ್ಕನ ಕ್ರಮದಲ್ಲಿ ಹೊಸ ಚಾರ್ಟ್ ಮಾಡಿ ಯಜಮಾನರ ಮುಂದಿಟ್ಟೆ. ಅವರು ಕನ್ನಡಕದ ಮೇಲಿಂದ ನೋಡಿದರು. "ಒಪ್ಪಿಗೆ ಆಗಿರೋದು ಹಳೇದು. ಒಂದು ಅಕ್ಷರ ಅಲ್ಲಾಡಿದ್ರೂ ವಾಪಸ್ ಬರುತ್ತೆ. ಹೋಗು, ಹಳೇ ಪ್ಲೇಟನ್ನೇ ಮಿಷಿನ್ನಿಗೆ ಹಾಕು."

ಸಂಜೆ ಅಕ್ಕನಿಗೆ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳಿದ್ದೇ ಬೇರೆ. "ಹಿಂದುಗಡೆ ಏನು ಪ್ರಿಂಟ್ ಮಾಡ್ತೀರಿ?"

"ಏನೂ ಇಲ್ಲ. ಖಾಲಿ."

"ಖಾಲಿ ಇದ್ದೂ ಏನು ಬಂತು, ಪ್ಲಾಸ್ಟಿಕ್ಕು ಮೆತ್ತಿದ್ದೀರಿ. ಪೆನ್ನು ಜಾರುತ್ತೆ, ಬಳಪ ಹಿಡಿಯಲ್ಲ."

ಮೂವತ್ತನಾಲ್ಕು ಮನೆ ತುಂಬಿದ ತಲೆಗೆ ಆ ಒಂದು ಖಾಲಿ ಬೆನ್ನು ಹೊಳೆದಿರಲಿಲ್ಲ. ಬೆಳಿಗ್ಗೆ ಯಜಮಾನರಿಗೆ ಲ್ಯಾಮಿನೇಷನ್ ಮುಂದೆ ಮಾತ್ರ ಸಾಕು, ಹಿಂದೆ ದಂಡ ಎಂದೆ. "ಸೇರಿದಾಗಿಂದ ಮೊದಲ ಸಲ ಬುದ್ಧಿವಂತನ ಹಾಗೆ ಮಾತಾಡಿದೆ" ಎಂದು ಒಪ್ಪಿದರು. ಒಂದೇ ಕಡೆ ಹಾಕಿದರೆ ಹಾಳೆ ಸುರುಳಿ ಸುತ್ತಿಕೊಳ್ಳುತ್ತದೆ ಎಂಬುದನ್ನು ನಾನೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ಮೇಲೂ ಕೆಳಗೂ ರಟ್ಟಿನ ಪಟ್ಟಿ ಅಂಟಿಸಿ ಅದನ್ನು ನೆಟ್ಟಗೆ ನಿಲ್ಲಿಸುವ ಕೆಲಸ ನನ್ನ ಪಾಲಿಗೇ ಬಂತು.

ಬೆನ್ನಿಗೆ ಪ್ಲಾಸ್ಟಿಕ್ಕಿಲ್ಲದ ಚಾರ್ಟ್ ಎರಡನೇ ತರಗತಿಯ ಗೋಡೆಗೆ ಬಂದಾಗ ನಾನೇ ಮೊಳೆಗೆ ತೂಗುಹಾಕಿದೆ. ಅಕ್ಕ ಅದನ್ನು ಅದೇ ಮೊಳೆಯ ಮೇಲೆ ಗೋಡೆಗೆ ಮುಖಮಾಡಿ ತಿರುಗಿಸಿದಳು. ಚಾರ್ಟ್ ಗೋಡೆಯ ಮೇಲಿತ್ತು, ಯಾರೂ ತೆಗೆದಿರಲಿಲ್ಲ. ಬಿಳಿ ಬೆನ್ನಿನ ಮೇಲೆ ದಪ್ಪ ಪೆನ್ನಿನಲ್ಲಿ ಒಂದೇ ಪದ ಬರೆದಳು. ಅಪ್ಪ.

"ಬೇರೆ ಶಾಲೆಯವರಿಗೆ ಇದನ್ನ ಹೇಳೋರು ಯಾರು?" ಎಂದೆ.

"ನೀನು. ಕಟ್ಟು ಹೊತ್ತುಕೊಂಡು ಹೋಗೋನು ನೀನೇ ಅಲ್ವಾ? ಬೆನ್ನು ತಟ್ಟಿಸ್ಕೊಂಡಿದ್ದೀಯ, ಬೆನ್ನು ತೋರಿಸಿ ಬಾ."

ಆ ವಾರ ಒಂಬತ್ತು ಶಾಲೆಗೆ ಹೋದೆ. ಇಬ್ಬರು ಟೀಚರುಗಳು ಚಾರ್ಟ್ ತಿರುಗಿಸಿದರು. ಏಳು ಕಡೆ ಮಕ್ಕಳು ನನ್ನ ಕಾಷ್ಠವನ್ನು ಒಪ್ಪಿಸುತ್ತಿದ್ದಾರೆ. ಈಗಲೂ, ಈ ಸಾಲು ನೀವು ಓದುವ ಹೊತ್ತಿಗೂ.

ಅಕ್ಕ ಮಕ್ಕಳನ್ನು ಅಪ್ಪನಿಂದ ಮತ್ತೆ ಹೊರಡಿಸಿದಳು. ಆರು ವಾರ ಹಿಡಿಯಿತು. ನಾನು ಕಿತ್ತುಹೋದ ಪಟ್ಟಿ ಅಂಟಿಸಲು ಹೋಗಿದ್ದ ದಿನ ಚಾರ್ಟಿನ ಬೆನ್ನಿನ ಮೇಲೆ ಗುಬ್ಬಿ ಬಂದಿತ್ತು. ಆ ಹುಡುಗಿ ಬೆರಳಿಟ್ಟು ನಿಂತಿದ್ದಳು. ಒಂದು ಸಲ ಬಾಗಿಲಲ್ಲಿದ್ದ ನನ್ನ ಕಡೆ ನೋಡಿದಳು. ಚಪ್ಪಾಳೆ ತಟ್ಟಿದಳು, ನಿಲ್ಲಿಸಿದಳು, ಮತ್ತೆ ತಟ್ಟಿದಳು.

"ಗುಬ್," ಎಂದಳು. "ಬಿ."

ಅಕ್ಕ ಹೊಗಳಲಿಲ್ಲ. ಅವಳ ಮುಖದ ಸಿಟ್ಟು ಇನ್ನೂ ಇಳಿದಿರಲಿಲ್ಲ. ಕೋಲನ್ನು ಪಕ್ಕದ ಪದಕ್ಕೆ ಸರಿಸಿ, "ಮುಂದಿನದು" ಎಂದಳು.