ಗುಡ್ಡದ ಗಾಳಿ ಮತ್ತು ಸಾಹೇಬರ ದನಿ

ಚಿಕಲಠಾಣಾದಲ್ಲಿ ವಿಮಾನ ನಿಲ್ದಾಣಕ್ಕೆ ಹತ್ತಿರದ ಒಂದು ಕೋಣೆಯಲ್ಲಿ ನಾನು ವಿಡಿಯೊಗಳ ಧ್ವನಿ ಸರಿಮಾಡುವ ಕೆಲಸ ಮಾಡುತ್ತೇನೆ. ಮದುವೆ, ಉದ್ಘಾಟನೆ, ದಾಳಿಂಬೆ ಬೆಳೆಗಾರರ ಸಂದರ್ಶನ, ಏನು ಬಂದರೂ ಸರಿ. ಮೇಲೆ ವಿಮಾನ ಹೋಗುವಾಗ ಕೈ ನಿಲ್ಲಿಸಿ ಚಹಾ ಕುಡಿಯುತ್ತೇನೆ. ಇಲ್ಲದಿದ್ದರೆ ಗುಡುಗುಡು ಸದ್ದು ಧ್ವನಿಯ ಕಡತದಲ್ಲಿದೆಯೋ ಆಕಾಶದಲ್ಲಿದೆಯೋ ತಿಳಿಯುವುದಿಲ್ಲ.

ವೈಜಾಪುರದ ಒಂದು ಬ್ಯಾಂಕ್ ಶಾಖೆಯ ಮ್ಯಾನೇಜರ್ ಸಾಹೇಬರು ನನಗೆ ಪರಿಚಯವಾದದ್ದು ಅವರ ನಿವೃತ್ತಿಯ ವಿಡಿಯೊ ಮೂಲಕ. ಮೂಲತಃ ಕನ್ನಡ ಸೀಮೆಯ ವಿಜಯಪುರದ ಕಡೆಯವರು, ಮನೆ ಮಾಡಿದ್ದು ನಾಸಿಕದಲ್ಲಿ. ಬೀಳ್ಕೊಡುಗೆ ಸಮಾರಂಭದಲ್ಲಿ ತೋರಿಸಲು ನಾಲ್ಕು ಮಾತು ಹೇಳಿ ಎಂದು ಸಿಬ್ಬಂದಿ ಕೇಳಿಕೊಂಡಿದ್ದರು. ಶಾಖೆಯ ಕ್ಯಾಬಿನ್ನಿನಲ್ಲಿ ಕೂತು ಹೇಳಬಹುದಿತ್ತು. ಸಾಹೇಬರು ನಾಸಿಕದ ಹೊರಗಿನ ಬೋಳುಗುಡ್ಡ ಹತ್ತಿ, ಶಾಲು ಹಾರಾಡುವಂತೆ ನಿಂತು ಹೇಳಿದರು. ಚಿತ್ರೀಕರಿಸಿದವರು ಅವರ ಕ್ಯಾಶಿಯರ್. ಕಡತ ನನ್ನ ಕೈಗೆ ಬಂದಾಗ ಅದರಲ್ಲಿ ಗಾಳಿಯೇ ಮುಖ್ಯ ಭಾಷಣಕಾರ, ಸಾಹೇಬರು ನಡುನಡುವೆ ಅವಕಾಶ ಸಿಕ್ಕಾಗ ಮಾತಾಡುತ್ತಿದ್ದರು.

ಸಾಹೇಬರಿಗೆ ಫೋನ್ ಮಾಡಿ ಕೇಳಿದೆ: "ಮೈಕಿಗೆ ಒಂದು ತುಪ್ಪಳದ ಟೊಪ್ಪಿಗೆ ಇರತದಲ್ರಿ, ಗಾಳಿ ತಡಿಯೂದು. ಅದನ್ನ ಹಾಕಿರಲಿಲ್ಲೇನ್ರಿ?"

"ಕ್ಯಾಶಿಯರ್ ಹಾಕಿದ್ದರ್ರಿ. ಎದಿ ಮ್ಯಾಲೆ ಇಲಿಮರಿ ಕುಂತಂಗ ಕಾಣತಿತ್ತು. ನಾನ ತಗಿ ಅಂದೆ."

ಇಂಥ ಸದ್ದಿಗೆ ಮೊದಲ ಮದ್ದು ಹೈ-ಪಾಸ್ ಫಿಲ್ಟರ್. ಒಂದು ಗಡಿ ಗೊತ್ತುಮಾಡಿದರೆ ಅದರ ಕೆಳಗಿನ ಮಂದ್ರ ಸದ್ದನ್ನು ತಗ್ಗಿಸಿ, ಮೇಲಿನದನ್ನು ಬಿಟ್ಟುಕೊಡುತ್ತದೆ. ಗಾಳಿಯ ಗುಡುಗುಡು ಹೆಚ್ಚಾಗಿ ತಳದಲ್ಲೇ ಇರುವುದರಿಂದ ಬಹಳಷ್ಟು ಹೋಗುತ್ತದೆ. ತೊಂದರೆ ಏನೆಂದರೆ, ಸಾಹೇಬರ ದನಿಯ ಬುಡವೂ ಅಲ್ಲೇ ಹತ್ತಿರದಲ್ಲಿ, ನೂರು ಹರ್ಟ್ಜ್‌ನ ಆಸುಪಾಸಿನಲ್ಲಿತ್ತು. ಗಡಿಯನ್ನು ಎಂಬತ್ತಕ್ಕಿಟ್ಟರೆ ಗಾಳಿ ಇನ್ನೂ ಉಳಿಯುತ್ತಿತ್ತು. ನೂರೈವತ್ತಕ್ಕೆ ಏರಿಸಿದರೆ ಗಾಳಿ ಅಡಗುತ್ತಿತ್ತು, ಆದರೆ ಸಾಹೇಬರು ಹಳೆಯ ಟೆಲಿಫೋನಿನೊಳಗಿಂದ ಮಾತಾಡಿದಂತೆ ಕೇಳುತ್ತಿತ್ತು. ಒಂದಿಷ್ಟು ಹೊಂದಾಣಿಕೆ ಮಾಡಿ ನೂರಿಪ್ಪತ್ತರಲ್ಲಿ ನಿಲ್ಲಿಸಿ ಕಳಿಸಿದೆ.

ಮುಂದಿನ ಎರಡನೇ ಶನಿವಾರ, ಬ್ಯಾಂಕಿಗೆ ರಜೆ ಇದ್ದ ದಿನ, ಸಾಹೇಬರು ಹೆಂಡತಿಯನ್ನು ಕೂರಿಸಿಕೊಂಡು ನಾಸಿಕದಿಂದ ಕಾರು ಓಡಿಸಿಕೊಂಡು ನನ್ನ ಕೋಣೆಗೇ ಬಂದರು.

"ನನ್ನ ದನಿ ಎಲ್ಲಿ ಹೋತ್ರಿ ಮೇಡಂ?" ಅಂದರು, ಚಪ್ಪಲಿ ಬಿಡುವ ಮೊದಲೇ. "ಕ್ಯಾಶಿಯರ್ ಕೊಟ್ಟ ಒರಿಜಿನಲ್ ನಾನು ಮನ್ಯಾಗ ಹೋಮ್ ಥಿಯೇಟರಿಗೆ ಹಚ್ಚಿ ಕೇಳೀನಿ. ಏನು ಗಂಭೀರ, ಏನು ಭಾರ! ಕಪಾಟಿನ ಗಾಜು ನಡಗಿದವು. ನೀವು ಅದನ್ನೆಲ್ಲಾ ತಗದು ಹುಡುಗನ ದನಿ ಮಾಡೀರಿ."

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಗಾಳಿಯ ಗುಡುಗುಡುವನ್ನೇ ಅವರು ತಮ್ಮ ದನಿಯ ಗಾಂಭೀರ್ಯ ಎಂದುಕೊಂಡಿದ್ದರು.

ಹೇಗೆ ಹೇಳುವುದು? ಕಡತದಲ್ಲಿ ಅವರು ಮಾತು ನಿಲ್ಲಿಸಿ ನೀರು ಕುಡಿಯುವ ಒಂದು ಜಾಗ ಇತ್ತು. ಫಿಲ್ಟರ್ ತೆಗೆದು, ದೊಡ್ಡ ಸ್ಪೀಕರಿನಲ್ಲಿ ಅದನ್ನೇ ಹಚ್ಚಿದೆ. ಪರದೆಯ ಮೇಲೆ ಸಾಹೇಬರು ಬಾಟಲಿ ಎತ್ತಿ ಗಟಗಟ ಕುಡಿಯುತ್ತಿದ್ದಾರೆ. ಕೋಣೆಯ ತುಂಬ ಅದೇ ಗಂಭೀರ, ಭಾರವಾದ ಸದ್ದು.

ಅಕ್ಕಾರು, ಎಂದರೆ ಸಾಹೇಬರ ಹೆಂಡತಿ, ಪರದೆಯ ಹತ್ತಿರ ಬಗ್ಗಿ ನೋಡಿದರು.

"ನೀರು ಕುಡಿಯೂ ಮುಂದನೂ ಭಾಷಣ ಮಾಡಲಿಕ್ಕತ್ತಾರಲ್ಲ ಇವರು," ಅಂದರು. ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದರು. ಸಾಹೇಬರು ಪರದೆಯಲ್ಲಿ ತಾವು ಬಾಟಲಿ ಕೆಳಗಿಡುವವರೆಗೂ ನೋಡಿದರು, ಮತ್ತೊಮ್ಮೆ ಹಚ್ಚಲು ಹೇಳಿ ಮತ್ತೆ ನೋಡಿದರು, ಕುರ್ಚಿಗೆ ಒರಗಿದರು.

"ಅಂದ್ರ ಗಾಜು ನಡಗಿಸಿದ್ದು ನಾನಲ್ಲ."

"ಅಲ್ರಿ."

ಅವರ ಮುಖ ನೋಡಿ ನನಗೆ ಪಾಪ ಅನಿಸಿತು. ಪೂರಾ ತಪ್ಪು ಅವರದೂ ಅಲ್ಲ, ನಾನೂ ಸ್ವಲ್ಪ ಹೆಚ್ಚೇ ಕತ್ತರಿಸಿದ್ದೆ. ಗಡಿಯನ್ನು ತೊಂಬತ್ತಕ್ಕೆ ಇಳಿಸಿ, ಗಾಳಿ ಜೋರಾದ ಕಡೆ ಮಾತ್ರ ಮೇಲೇರಿಸಿ, ದನಿಯ ಬುಡವನ್ನು ಒಂದಿಷ್ಟು ಎತ್ತಿ ಕೇಳಿಸಿದೆ. "ಈಗ ನಾನ ಅನಸತದ," ಅಂದರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಕೊನೆಗೆ ಏಳು ಸೆಕೆಂಡು ಉಳಿದಿದ್ದವು.

ಅದು ಸಾಹೇಬರು ಹೆಂಡತಿಗೆ ಕೃತಜ್ಞತೆ ಹೇಳುವ ಜಾಗ. "ನನ್ನ ಮನಿಯಾಕಿ" ಎಂದು ಶುರುವಾಗುತ್ತದೆ, ಅಷ್ಟರಲ್ಲಿ ಜೋರು ಗಾಳಿ ನುಗ್ಗುತ್ತದೆ. ಮೈಕು ತಾಳಬಲ್ಲ ಮಿತಿ ಮೀರಿ, ಪರದೆಯಲ್ಲಿ ಧ್ವನಿಯ ಅಲೆಗಳ ನೆತ್ತಿ ಕತ್ತರಿಸಿದಂತೆ ಚಪ್ಪಟೆಯಾಗಿದ್ದವು. ಫಿಲ್ಟರ್ ಹಾಕಿದರೆ ಗುಡುಗುಡು ಹೋಗುತ್ತಿತ್ತು. ಆದರೆ ಹಾಗೆ ಒಡೆದ ಸದ್ದಿನ ಪರಪರ ಮೇಲಿನವರೆಗೂ, ಮಾತು ಇರುವ ಜಾಗಕ್ಕೇ ಹರಡಿರುತ್ತದೆ. ಮಾತು ದಾಖಲೇ ಆಗಿಲ್ಲದ ಮೇಲೆ ಯಾವ ಫಿಲ್ಟರ್ ಏನನ್ನು ಉಳಿಸೀತು?

"ಇದನ್ನ ಉಳಿಸಲಿಕ್ಕೆ ಆಗೂದಿಲ್ರಿ," ಅಂದೆ.

"ಮೂವತ್ತೊಂದು ವರ್ಷದಾಗ ಒಮ್ಮೆ ನನ್ನ ಬಗ್ಗೆ ಒಳ್ಳೇದು ಅಂದಾರ," ಅಕ್ಕಾರು ಹೇಳಿದರು. "ಅದನ್ನೂ ಗಾಳಿ ಒಯ್ತು." ಗಂಡನ ಕಡೆ ತಿರುಗಿದರು. "ಏನಂದಿದ್ರಿ?"

ಸಾಹೇಬರು ಬರೆದುಕೊಂಡು ಓದಿರಲಿಲ್ಲ. ನೆನಪಾಗಲಿಲ್ಲ. ತುಟಿ ನೋಡಿ ಗುರುತಿಸೋಣ ಎಂದು ಮೂವರೂ ನಿಧಾನ ಗತಿಯಲ್ಲಿ ಹಚ್ಚಿ ನೋಡಿದೆವು. "ಇದು ಚಪಾತಿ ಅಂದಂಗ ಅದ," ಅಂದರು ಅಕ್ಕಾರು. ಸಾಹೇಬರು, ಚಪಾತಿ ಅನ್ನಲು ತಾವು ಗುಡ್ಡ ಹತ್ತಿರಲಿಲ್ಲ ಎಂದು ಸಿಡುಕಿದರು.

ಆ ಮಾತನ್ನು ಹೊಸದಾಗಿ ಹೇಳಿಸುವುದೊಂದೇ ದಾರಿ. ನನ್ನ ಕೋಣೆಯಲ್ಲಿ ಗೋಡೆಗಳ ಪ್ರತಿಧ್ವನಿ. ಅದಕ್ಕೆ ಅವರ ಕಾರಿನಲ್ಲೇ ಕೂರಿಸಿದೆ. ಗಾಜು ಏರಿಸಿ, ಎಂಜಿನ್ ನಿಲ್ಲಿಸಿ, ಎಸಿ ಆರಿಸಿ. ಮಧ್ಯಾಹ್ನದ ಬಿಸಿಲು. ಸಾಹೇಬರು ಮುಂದೆ, ಮೈಕು ಹಿಡಿದ ನಾನು ಅವರ ಪಕ್ಕ, ಅಕ್ಕಾರು ಹಿಂದೆ.

"ನನ್ನ ಸೇವಾವಧಿಯುದ್ದಕ್ಕೂ ಧರ್ಮಪತ್ನಿಯವರು ನೀಡಿದ ಸಹಕಾರವನ್ನು ಈ ಮೂಲಕ..."

"ಸಾಲ ಮಂಜೂರು ಮಾಡಲಿಕ್ಕತ್ತೀರೇನ್ರಿ?" ಹಿಂದಿನಿಂದ ಪ್ರಶ್ನೆ ಬಂತು.

ಎರಡನೇ ಸಲವೂ ಅದೇ ಧಾಟಿ. ಮೂರನೆಯದು ಚೆನ್ನಾಗಿ ಬರುತ್ತಿತ್ತು, ವಿಮಾನ ಬಂತು. ಅದು ಹೋಗುವವರೆಗೆ ಬೆವರು ಒರೆಸಿಕೊಳ್ಳುತ್ತ ಕಾದೆವು. ಸಾಹೇಬರ ಕೊರಳಪಟ್ಟಿ ಒದ್ದೆಯಾಗಿತ್ತು. ಬೇಸರ ಬಂದು ಭಾಷಣ ಕೈಬಿಟ್ಟರೋ ಏನೋ, ಮುಂದಿನ ಗಾಜನ್ನೇ ನೋಡುತ್ತ ಸಾದಾ ದನಿಯಲ್ಲಿ ಹೇಳಿದರು:

"ಒಂಬತ್ತು ಊರಿಗೆ ಬದಲಿ ಆತು. ಒಂಬತ್ತೂ ಸಲ ಗ್ಯಾಸು, ಸಾಲಿ, ಹಾಲಿನವ, ಎಲ್ಲಾ ಈಕಿ ಹೊಸದಾಗಿ ಹುಡುಕಿದಳು. ಗೊತ್ತಿಲ್ಲದ ಭಾಷಾದಾಗ ಚೌಕಾಶಿ ಮಾಡಿದಳು. ಬ್ರಾಂಚಿನ ಚಾರ್ಜ್ ತಗೊಂಡಾಂವ ಅಂತ ನನಗ ಹಾರ ಹಾಕಿದ್ರು."

ಹಿಂದಿನ ಸೀಟಿನಲ್ಲಿ ಅಕ್ಕಾರು ಸೆರಗಿನಿಂದ ಮುಖ ಒರೆಸಿಕೊಂಡು, "ಗಾಜು ಇಳಸ್ರಿ, ಉಸರು ಕಟ್ಟೇದ," ಅಂದರು.

ತುಟಿ ಹೊಂದುವುದಿಲ್ಲವಾದ್ದರಿಂದ ಆ ಜಾಗದಲ್ಲಿ, ಕ್ಯಾಶಿಯರ್ ದೂರದಿಂದ ತೆಗೆದಿದ್ದ ಸಾಹೇಬರ ಬೆನ್ನಿನ ಚಿತ್ರ ಹಾಕಿದೆ. ಕಾರಿನೊಳಗಿನ ಮೌನ ಗುಡ್ಡಕ್ಕೆ ಒಗ್ಗಲಿಲ್ಲ. ಎರಡು ದಿನ ಓಡಿಸಲು ಹೆಣಗಿದ್ದ ಗಾಳಿಯನ್ನೇ, ಫಿಲ್ಟರ್ ಹಾಕಿ ಸೌಮ್ಯಗೊಳಿಸಿ, ಅದರಡಿ ತೆಳ್ಳಗೆ ಹಾಸಿದೆ. ಬೀಳ್ಕೊಡುಗೆಗೆ ನಾನೂ ಹೋಗಿದ್ದೆ; ನಾಸಿಕದ ಸಭಾಂಗಣದಲ್ಲಿ ಆ ಮಾತಿಗೆ ಚಪ್ಪಾಳೆ ಬಿತ್ತು. ಕನ್ನಡ ಬಾರದವರಿಗೆ ಕ್ಯಾಶಿಯರ್ ಮರಾಠಿಯಲ್ಲಿ ಹೇಳಿದ ಮೇಲೆ ಎರಡನೇ ಸಲ ಬಿತ್ತು. ಸಾಹೇಬರು ಕಾರಿನ ಉಪಾಯ ತಮ್ಮದೇ ಎಂಬಂತೆ ಎಲ್ಲರಿಗೂ ವಿವರಿಸುತ್ತಿದ್ದರು.

ಆ ಏಳು ಸೆಕೆಂಡು ಇನ್ನೂ ನನ್ನ ಹತ್ತಿರ ಇವೆ. ಗದ್ದಲದಿಂದ ಮಾತು ಹೆಕ್ಕುವ ಹೊಸ ತಂತ್ರಾಂಶ ಬಂದಾಗೆಲ್ಲ ಮೊದಲು ಅವನ್ನೇ ಹಾಕಿ ನೋಡುತ್ತೇನೆ. ಈಚೆಗೆ ಬಂದ ಒಂದು, ಗಾಳಿಯನ್ನು ಪೂರಾ ಅಳಿಸಿ, ಸಾಹೇಬರದೇ ದನಿಯಲ್ಲಿ ಒಂದು ಇಡೀ ವಾಕ್ಯವನ್ನು ಸ್ವಚ್ಛವಾಗಿ ಹೇಳಿಸಿತು. ಅದು ಕನ್ನಡವಾಗಿರಲಿಲ್ಲ. ಮರಾಠಿಯೂ ಅಲ್ಲ, ಯಾವ ಭಾಷೆಯೂ ಅಲ್ಲ, ಮಾತು ಸಿಗದೆ ತಂತ್ರಾಂಶ ತಾನೇ ಹೆಣೆದದ್ದು. ಮೂರು ಸಲ ಕೇಳಿದೆ. ಅವರಿಗೆ ಕಳಿಸಲಿಲ್ಲ.