ಸಿರುಗುಪ್ಪದಲ್ಲಿ ಎರಡು ನಿಮಿಷ

ಈ ಕಥೆಯನ್ನು ಗೆಳೆಯರಿಗೆ ಹತ್ತಾರು ಸಲ ಹೇಳಿದ್ದೇನೆ. ಹೇಳಿದಾಗಲೆಲ್ಲ ನಮ್ಮ ಸೈಕಲ್ ಕ್ಲಬ್ಬಿನ ಕ್ಯಾಪ್ಟನ್ನರನ್ನು ಬೈದು, ಕಟಿಂಗ್ ಮಾಸ್ತರರ ಪರವಾಗಿ ನಿಂತು, ಕೊನೆಗೆ ಎಲ್ಲರೂ ಛೇ ಛೇ ಅನ್ನುವ ಹಾಗೆ ಮುಗಿಸಿದ್ದೇನೆ. ಹೇಳಿದಾಗಲೆಲ್ಲ ಒಂದು ಸಂಗತಿ ಬಿಟ್ಟಿದ್ದೇನೆ. ಸವಾರಿಯ ಆ ವೇಳಾಪಟ್ಟಿಯ ಚೀಟಿಯನ್ನು ಟೈಪ್ ಮಾಡಿದವನು ನಾನು. ಅದರಲ್ಲಿದ್ದ ಗಂಟೆ ನಿಮಿಷಗಳ ಲೆಕ್ಕ ಹಾಕಿದವನೂ ನಾನೇ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಬಳ್ಳಾರಿಯಲ್ಲಿ ಒಬ್ಬ ವಕೀಲರ ಹತ್ತಿರ ಟೈಪಿಸ್ಟ್ ಆಗಿದ್ದೆ. ನಮ್ಮ ಸೈಕಲ್ ಕ್ಲಬ್ಬಿನಲ್ಲಿ ಹದಿಮೂರೋ ಹದಿನಾಲ್ಕೋ ಜನ. ಬ್ರೂಸ್‌ಪೇಟೆಯ ಒಂದು ಸೈಕಲ್ ಅಂಗಡಿಯ ಮುಂದೆ ಬುಧವಾರ ಸಂಜೆ ಸೇರುತ್ತಿದ್ದೆವು, ತಿಂಗಳಿಗೊಂದು ಭಾನುವಾರ ದೂರ ಹೋಗುತ್ತಿದ್ದೆವು. ಕ್ಯಾಪ್ಟನ್ ನಿವೃತ್ತ ರೈಲ್ವೆ ಗಾರ್ಡು. ಪಾರ್ವತಿನಗರದಲ್ಲಿ ಮನೆ, ಜೇಬಿನಲ್ಲಿ ಸರಪಳಿ ಹಾಕಿದ ಗಡಿಯಾರ. ಅರವತ್ತರ ಹತ್ತಿರದ ಅವರು ತುಳಿದರೆ ಇಪ್ಪತ್ತರ ಹುಡುಗರು ಏದುಸಿರು ಬಿಡಬೇಕು. ನನ್ನ ಕೆಲಸ ಎಲ್ಲರಿಗಿಂತ ಹಿಂದೆ ಇರುವುದು. ಕೊನೆಯ ಸವಾರ ಯಾರೋ ಅವನ ಜೊತೆಯೇ ಬರಬೇಕು, ಅವನನ್ನು ದಾಟಬಾರದು. ಕ್ಲಬ್ಬಿನಲ್ಲಿ ನನ್ನನ್ನು 'ಬಾಲ' ಅನ್ನುತ್ತಿದ್ದರು.

ಆಷಾಢದ ಆ ಸವಾರಿಗೆ ಕ್ಯಾಪ್ಟನ್ ನನ್ನನ್ನು ಕರೆದು ಹೇಳಿದ್ದು ಇಷ್ಟೇ.

"ಕುರುಗೋಡು ಮ್ಯಾಲೆ ಸಿರುಗುಪ್ಪ, ಅಲ್ಲಿಂದ ಸೀದಾ ರೋಡಿಗೆ ವಾಪಸ್. ನೂರಾ ಇಪ್ಪತ್ತು ಕಿಲೋಮೀಟರ್. ಗುಂಪಿನ ಸರಾಸರಿ ತಾಸಿಗೆ ಹದಿನೆಂಟು. ಕುರುಗೋಡಿನ್ಯಾಗ ಇಪ್ಪತ್ತು ನಿಮಿಷ, ಸಿರುಗುಪ್ಪದಾಗ ಮುಕ್ಕಾಲು ತಾಸು. ಉಳದದ್ದು ನೀನ ಕೂಡಿಸಿ ಬರಿ."

ನಾನು ಕೂಡಿಸಿದೆ. ಐದೂವರೆಗೆ ಹೊರಟರೆ ಇಪ್ಪತ್ತೆಂಟು ಕಿಲೋಮೀಟರಿನ ಕುರುಗೋಡು 7.05ಕ್ಕೆ. ಅಲ್ಲಿಂದ ಮೂವತ್ತಾರು, ಹದಿನೆಂಟರ ವೇಗಕ್ಕೆ ಸರಿಯಾಗಿ ಎರಡು ತಾಸು. ಕಾರ್ಬನ್ ಇಟ್ಟು ಹೊಡೆದೆ: ಗುಂಪಿನ ಸರಾಸರಿ ತಾಸಿಗೆ 18. ಕುರುಗೋಡು 7.05 ರಿಂದ 7.25. ಸಿರುಗುಪ್ಪ 9.25 ರಿಂದ 10.10. ವಾಪಸಿನ ಐವತ್ತಾರು ಕಿಲೋಮೀಟರಿನ ನಡುವೆ ಹದಿನೈದು ನಿಮಿಷ. ಬಳ್ಳಾರಿ 1.35. ಕೆಳಗೆ ಕ್ಯಾಪ್ಟನ್ನರ ಮಾತಿನಂತೆ ಒಂದು ಸಾಲು: ನಿಲುಗಡೆ ಮುಗಿದಾಗ ಗುಂಪಿನ ಜೊತೆ ಹೊರಡದವರು ಬಸ್ಸಿನಲ್ಲಿ ಬರತಕ್ಕದ್ದು, ಅವರ ಸವಾರಿ ಪೂರ್ಣವೆಂದು ಎಣಿಸಲಾಗುವುದಿಲ್ಲ.

ಅದನ್ನು ನೋಡಿ ಅವರ ಮುಖ ಅರಳಿತು. "ಇದು ನೋಡಪಾ ಟೈಮ್ ಟೇಬಲ್ ಅಂದ್ರ!" ನನಗೂ ಖುಷಿಯಾಯಿತು. ಮುಚ್ಚಿಡುವುದೇಕೆ, ಬಹಳ ಖುಷಿಯಾಯಿತು.

ಕಟಿಂಗ್ ಮಾಸ್ತರರಿಗೆ ಅದು ಮೂರನೆಯ ಸವಾರಿ. ಹೊಸಬರು ಮೂರು ಸವಾರಿ ಪೂರ್ತಿ ಮಾಡಿದರೆ ಮಾತ್ರ ಕಾಯಂ ಸದಸ್ಯರು ಎಂಬುದು ಕ್ಲಬ್ಬಿನ ಕಟ್ಟಳೆ. ಅವರು ಪ್ಯಾಂಟು ಹೊಲಿಯುವ ಒಂದು ಯೂನಿಟ್ಟಿನಲ್ಲಿ ಬಟ್ಟೆ ಕತ್ತರಿಸುವವರು. ವಾರದ ಆರು ದಿನ ನಿಂತೇ ಕೆಲಸ. ನಲವತ್ತೈದು ದಾಟಿದ್ದರು. ಸೈಕಲ್ಲು ಹಳೆಯದು, ಕ್ಯಾರಿಯರ್ ಸಮೇತ ಗಟ್ಟಿ ಕಬ್ಬಿಣ. ಸಮತಟ್ಟಾದ ರಸ್ತೆಯಲ್ಲಿ ತಾಸಿಗೆ ಹದಿನೈದು ಅವರ ನಡಿಗೆ. ಅದು ಹದಿನಾರೂ ಆಗುತ್ತಿರಲಿಲ್ಲ, ಹದಿನಾಲ್ಕೂ ಆಗುತ್ತಿರಲಿಲ್ಲ. ಸದಸ್ಯನಾಗಬೇಕೆಂಬ ಆಸೆ ಯಾಕೆ ಅಂತ ಒಮ್ಮೆ ಕೇಳಿದ್ದೆ. "ಯೂನಿಟ್ಟಿನ್ಯಾಗ ಮಾಸ್ತರ, ಮನ್ಯಾಗ ಅಪ್ಪ. ಎಲ್ಲ್ಯಾರ ಒಂದ್ ಕಡೆ ಬರೇ ಮೆಂಬರ್ ಆಗ್ಬೇಕು ನೋಡ್ರಿ" ಅಂದು ನಕ್ಕಿದ್ದರು. ಈ ಮಾತು ಅವರು ಹೇಳಿದ್ದೋ, ವರ್ಷಗಳು ಕಳೆದಂತೆ ನಾನು ಅವರ ಬಾಯಿಗೆ ಹಾಕಿದ್ದೋ ಖಾತ್ರಿಯಿಲ್ಲ. ಇಷ್ಟು ಚೆಂದ ಇರುವ ಮಾತುಗಳ ಮೇಲೆ ನನಗೆ ಅನುಮಾನ. ಆದರೆ ಆಸೆ ಇದ್ದದ್ದು ನಿಜ. ಹಿಂದಿನ ಎರಡು ಸವಾರಿಗಳ ಚೀಟಿಗಳನ್ನೂ ಮಡಚಿ ಜೇಬಿನಲ್ಲಿ ಇಟ್ಟುಕೊಂಡಿದ್ದರು.

ಅಂದು ಕುರುಗೋಡಿನ ಬಸ್ ನಿಲ್ದಾಣದ ಹೋಟೆಲಿಗೆ ಅವರೂ ನಾನೂ ಮುಟ್ಟಿದಾಗ ಏಳು ಇಪ್ಪತ್ತೆರಡು. ಉಳಿದವರು ಇಡ್ಲಿ ತಿಂದು, ಕೈ ತೊಳೆದು, ಗುಡ್ಡದ ಬಂಡೆಗಳನ್ನು ನೋಡುತ್ತ ನಿಂತಿದ್ದರು. ಮಾಸ್ತರರು ಸ್ಟ್ಯಾಂಡ್ ಹಾಕುವಷ್ಟರಲ್ಲಿ ಕ್ಯಾಪ್ಟನ್ ಗಡಿಯಾರ ತೆಗೆದರು.

"ಮೂರು ನಿಮಿಷ ಐತ್ರಿ ಮಾಸ್ತರ. ನೀರು ಕುಡೀರಿ, ಹೋಗಾಮು."

"ಚಾ ರೀ?"

"ಸಿರುಗುಪ್ಪದಾಗ ಕುಡೀರಂತ. ಅಲ್ಲಿ ಮುಕ್ಕಾಲು ತಾಸು ಐತಿ."

ಇಪ್ಪತ್ತು ನಿಮಿಷ ಕೂತವರ ಜೊತೆ ಮೂರು ನಿಮಿಷ ನಿಂತವರು ಹೊರಟೆವು. ಅರ್ಧ ಕಿಲೋಮೀಟರಿನಲ್ಲೇ ಮುಂದಿನವರು ಕಣ್ಣಿಗೆ ಸಣ್ಣಗಾದರು. ನನಗೂ ತಿಂಡಿ ಸಿಕ್ಕಿರಲಿಲ್ಲ. ಆದರೆ ಆಗಲೂ ತಪ್ಪು ಚೀಟಿಯಲ್ಲಿದೆ ಅಂತ ನನಗೆ ಹೊಳೆಯಲಿಲ್ಲ, ಮಾಸ್ತರರ ಕಾಲಿನಲ್ಲಿದೆ ಅಂತಲೇ ಅಂದುಕೊಂಡೆ.

ದಾರಿಯಲ್ಲಿ ಅವರ ಹಿಂದಿನ ಗಾಲಿಗೆ ಜಾಲಿಮುಳ್ಳು ಹೊಕ್ಕಿತು. ಟೈರು ಬಿಚ್ಚಿ, ಟ್ಯೂಬು ಹೊರಗೆಳೆದು, ಮುಳ್ಳು ಹುಡುಕಿ ತೆಗೆದು, ತೂತಿನ ಸುತ್ತ ಉಜ್ಜಿ, ಸಲ್ಯೂಶನ್ ಹಚ್ಚಿ, ಅದು ಆರುವ ತನಕ ಊದಿ, ತೇಪೆ ಒತ್ತಿ, ಗಾಳಿ ಹೊಡೆದೆವು. ಹತ್ತೊಂಬತ್ತು ನಿಮಿಷ. ಸಿರುಗುಪ್ಪದ ಅಕ್ಕಿ ಗಿರಣಿಗಳ ತೌಡಿನ ವಾಸನೆ ಮೂಗಿಗೆ ಬಡಿದಾಗ ಮಾಸ್ತರರು ಹ್ಯಾಂಡಲ್ಲಿನ ಮೇಲೆ ಬಾಗಿ ತುಳಿಯುತ್ತಿದ್ದರು. ಹೋಟೆಲಿನ ಮುಂದೆ ಇಳಿದಾಗ ಹತ್ತು ಗಂಟೆ ಎಂಟು ನಿಮಿಷ. ಎಲ್ಲರೂ ಆಗಲೇ ಸೈಕಲ್ ಹಿಡಿದಿದ್ದರು.

"ಶಭಾಷ್! ಎರಡು ನಿಮಿಷ ಉಳಿಸೀರಿ" ಅಂದರು ಕ್ಯಾಪ್ಟನ್. ವ್ಯಂಗ್ಯವಲ್ಲ. ನಿಜವಾಗಿಯೂ ಮೆಚ್ಚಿ ಅಂದರು. ನನಗೆ ಇವತ್ತಿಗೂ ಸಿಟ್ಟು ಬರುವುದು ಅದಕ್ಕೇ.

ಮಾಸ್ತರರು ಬೆಂಚಿನ ಮೇಲೆ ಕೂತರು. "ಒಂದ್ ಪ್ಲೇಟ್ ಮಂಡಕ್ಕಿ ಒಗ್ಗರಣಿ, ಎರಡು ಮಿರ್ಚಿ" ಅಂತ ಒಳಗೆ ಕೂಗಿದರು.

"ಮಾಸ್ತರ, ಏಳ್ರಿ. ಹತ್ತೂ ಹತ್ತಕ್ಕ ಬಿಡಬೇಕು."

"ನೀವು ಎಷ್ಟೊತ್ತು ಕುಂತ್ರಿ ಸಾಹೇಬ್ರ?"

"ಚೀಟಿ ಪ್ರಕಾರ. ಮುಕ್ಕಾಲು ತಾಸು."

"ನಾನೂ ಚೀಟಿ ಪ್ರಕಾರ ಕುಂದರ್ತೀನಿ. ಮುಕ್ಕಾಲು ಬ್ಯಾಡ, ಅರ್ಧ ತಾಸು ಸಾಕು. ಕಾಲು ನಡುಗಾಕ ಹತ್ಯಾವು."

ಕ್ಯಾಪ್ಟನ್ ತಾಳ್ಮೆಯಿಂದಲೇ ಹೇಳಿದರು. ಮೂವತ್ತು ವರ್ಷ ಅವರು ಬದುಕಿದ್ದೇ ಆ ಲೆಕ್ಕದಲ್ಲಿ. "ನೋಡ್ರಿ, ಗಾಡಿ ಲೇಟಾದ್ರ ಸ್ಟೇಷನ್ನಿನ್ಯಾಗ ನಿಂದ್ರಾ ಹೊತ್ತು ಕಡಿಮಿ ಮಾಡ್ತೀವಿ. ಇಪ್ಪತ್ತು ನಿಮಿಷದ್ದು ಐದು ನಿಮಿಷ ಮಾಡಿ ಬಿಟ್ರ ಮುಂದ ಟೈಮಿಗೆ ಬರ್ತೈತಿ. ಎಲ್ಲಾ ಕಡೆ ಹಂಗ."

"ಇಂಜಿನ್ನಿಗೆ ಮೀನಖಂಡ ಇರ್ತಾವೇನ್ರಿ?"

ಯಾರೋ ನಕ್ಕರು. ಕ್ಯಾಪ್ಟನ್ನರ ಮುಖ ಬಿಗಿಯಾಯಿತು. ಮಾಸ್ತರರು ಚೀಟಿ ತೆಗೆದು ಬೆಂಚಿನ ಮೇಲೆ ಹರವಿ ಬೆರಳಿಟ್ಟರು. "ಇಲ್ಲಿ ಗುಂಪಿನ ಸರಾಸರಿ ಅಂತ ಐತಿ. ಗುಂಪಿನ್ಯಾಗ ನಾನಿಲ್ಲೇನು? ಇದು ನಿಮ್ಮ ಸರಾಸರಿ. ನೀವು ಬಂದ ಗಳಿಗಿಯಿಂದ ನಿಲುಗಡಿ ಎಣಿಸೀರಿ. ಮೊದಲು ಬಂದಾಂವಗ ಮುಕ್ಕಾಲು ತಾಸು, ಸತ್ತು ಬಂದಾಂವಗ ಎರಡು ನಿಮಿಷ. ಕೊನೀ ಮನುಷ್ಯಾ ಬಂದಾಗಿಂದ ಎಣಿಸ್ರಿ, ಯಾರಿಗೂ ಮೋಸ ಇಲ್ಲ."

ಇಷ್ಟು ಸರಳ! ಟೈಪ್ ಮಾಡುವಾಗ ನನ್ನ ತಲೆಗೆ ಬರಲಿಲ್ಲ. ನಾನು ಗಡಿಯಾರದ ಹೊತ್ತು ಬರೆಯುವ ಬದಲು 'ಕೊನೆಯವರು ತಲುಪಿದ ಮೇಲೆ ಇಪ್ಪತ್ತು ನಿಮಿಷ' ಅಂತ ಬರೆದಿದ್ದರೆ ಮುಗಿದಿತ್ತು. ನಿಧಾನದವರಿಗೆ ವಿಶ್ರಾಂತಿ ಹೆಚ್ಚು ಬೇಕು. ನನ್ನ ಲೆಕ್ಕ ಅವರಿಗೇ ಕಡಿಮೆ ಕೊಟ್ಟಿತ್ತು, ಅದೂ ಸಾಲು ತಪ್ಪದೆ, ಚೊಕ್ಕವಾಗಿ.

"ಹತ್ತೂ ಹತ್ತು ಆತು" ಅಂದರು ಕ್ಯಾಪ್ಟನ್. "ಬಸ್ಸಿನ ಟಾಪಿಗೆ ಸೈಕಲ್ ಹಾಕ್ಸಿ ಬರ್ರಿ ಮಾಸ್ತರ." ನನ್ನ ಕಡೆ ತಿರುಗಿ, "ಲೇ ಬಾಲ, ನಡಿ. ಈಗ ಕೊನೇದಾಂವ ಬ್ಯಾರೆ."

ಗೆಳೆಯರಿಗೆ ಹೇಳುವ ಕಥೆಯಲ್ಲಿ ಇಲ್ಲಿ ನಾನು "ನಾನು ಬರಾಂಗಿಲ್ಲ" ಅನ್ನುತ್ತೇನೆ. ಮಾಸ್ತರರ ಪಕ್ಕ ಕೂತು ಮಿರ್ಚಿ ತಿನ್ನುತ್ತೇನೆ. ಆ ಮಿರ್ಚಿಯ ಖಾರ ಕೂಡ ನನಗೆ ನೆನಪಿದೆ! ಸುಳ್ಳು. ನಾನು ಹೊರಟೆ. ನೀರು ಕೂಡ ಸರಿಯಾಗಿ ಕುಡಿಯದೆ, ಪೆಡಲಿನ ಮೇಲೆ ಕಾಲಿಟ್ಟು, ಗುಂಪಿನ ಹಿಂದೆ ಹೊರಟೆ. ತೆಂಕಣದಿಂದ ಎದುರುಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಹಿಂತಿರುಗಿ ನೋಡಿದೆನೋ ಇಲ್ಲವೋ ಅದೂ ಗೊತ್ತಿಲ್ಲ. ನೋಡಿದೆ ಅಂತ ಬರೆದರೆ ನನಗೆ ಸ್ವಲ್ಪ ಮರ್ಯಾದೆ ಬರುತ್ತದೆ, ಅದಕ್ಕೇ ಬರೆಯುವುದಿಲ್ಲ.

ಮಾಸ್ತರರು ಬಸ್ಸು ಹತ್ತಲಿಲ್ಲ. ಆ ಗಾಳಿಯಲ್ಲಿ ಐವತ್ತಾರು ಕಿಲೋಮೀಟರ್ ಒಬ್ಬರೇ ತುಳಿದು ನಾಲ್ಕು ಗಂಟೆಗೆ ಬ್ರೂಸ್‌ಪೇಟೆ ಮುಟ್ಟಿದರು ಅಂತ ಸೈಕಲ್ ಅಂಗಡಿಯವನು ಹೇಳಿದ. ಅಂದರೆ ನೂರಾ ಇಪ್ಪತ್ತೂ ಆಗಿತ್ತು.

ಬುಧವಾರ ಕ್ಯಾಪ್ಟನ್ ಪುಸ್ತಕ ತೆರೆದು ಅವರ ಹೆಸರಿನ ಮುಂದೆ 'ಅಪೂರ್ಣ' ಅಂತ ಬರೆದರು. ಮಾಸ್ತರರು ಹಿಂದೆ ನಿಂತಿದ್ದರು. ನನಗೆ ಆಗ ಬಾಯಿ ಬಂತು, ಮೂರು ದಿನ ತಡವಾಗಿ.

"ಇದು ಅನ್ಯಾಯ ರೀ! ಪೂರ್ತಿ ದಾರಿ ತುಳಿದಾರ. ನಿಲುಗಡಿ ಲೆಕ್ಕಾನ ತಪ್ಪೈತಿ."

"ಲೆಕ್ಕ ಯಾರ್ ಹಾಕಿದ್ದಪಾ?" ಅಂದರು ಕ್ಯಾಪ್ಟನ್. "ನಾ ಹೇಳಿದ್ದು ಇಪ್ಪತ್ತು ನಿಮಿಷ, ಮುಕ್ಕಾಲು ತಾಸು ಅಂತ ಅಷ್ಟ. ಇಷ್ಟರಿಂದ ಇಷ್ಟಕ್ಕ ಅಂತ ಹೊಡದಾಂವ ನೀನು."

ಎಲ್ಲರೂ ಹೋ ಅಂತ ನಕ್ಕರು. ಮಾಸ್ತರರು ನಗಲಿಲ್ಲ. ನನ್ನನ್ನು ಒಮ್ಮೆ ನೋಡಿದರು. ಚೀಟಿಯ ಲೆಕ್ಕ ನನ್ನದೆಂದು ಅವರಿಗೆ ಅಲ್ಲಿಯ ತನಕ ಗೊತ್ತಿರಲಿಲ್ಲ.

ನಾನು ಸುಮ್ಮನಾಗಲಿಲ್ಲ, ಅದೊಂದನ್ನು ಖಾತ್ರಿಯಾಗಿ ಹೇಳಬಲ್ಲೆ. ಕೂಗಾಡಿದೆ. ತಪ್ಪು ನನ್ನದಾದರೆ ಶಿಕ್ಷೆ ನನಗೆ ಕೊಡ್ರಿ ಅಂದೆ. ಚರ್ಚೆ ಎಳೆದಾಡಿ ಕೊನೆಗೆ ಕ್ಯಾಪ್ಟನ್ ಒಪ್ಪಿದರು. ಮುಂದಿನ ಚೀಟಿಯಿಂದ ನಿಲುಗಡೆ ಕೊನೆಯವರು ತಲುಪಿದ ಮೇಲೆ ಶುರು. ಸರಾಸರಿ ವೇಗವೂ ಗುಂಪಿನಲ್ಲಿ ನಿಧಾನದವರಿಗೆ ತಕ್ಕಂತೆ, ತಾಸಿಗೆ ಹದಿನೈದು.

"ಮತ್ತ ಮಾಸ್ತರದು?"

"ಆವತ್ತಿನ ಚೀಟಿಗೆ ಆವತ್ತಿನ ಕಟ್ಟಳೆ. ಬೇಕಾದ್ರ ಮತ್ತ ಮೊದಲಿಂದ ಮೂರು ಮಾಡ್ಲಿ."

ಮಾಸ್ತರರು ಆಗಲೇ ಸೈಕಲ್ ಸ್ಟ್ಯಾಂಡ್ ಒದ್ದು ಹೊರಟಿದ್ದರು.

ಹೊಸ ಚೀಟಿ ಟೈಪ್ ಮಾಡಿ ಒಂದು ಪ್ರತಿ ಹಿಡಿದು ಅವರ ಯೂನಿಟ್ಟಿಗೆ ಹೋದೆ. ಉದ್ದನೆಯ ಮೇಜಿನ ಮೇಲೆ ಬಟ್ಟೆಯ ಥಾನು ಪದರ ಪದರವಾಗಿ ಹರವಿ ಅವರು ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದರು. ಕೈ ಒರೆಸಿಕೊಂಡು ಓದಿದರು. ಪೂರ್ತಿ ಓದಿದರು.

"ಈಗ ಬರೋಬ್ಬರಿ ಐತಿ."

"ಬರ್ರಿ ಮತ್ತ. ನಾನಿರ್ತೀನಿ ನಿಮ್ಮ ಜೋಡಿ."

"ಸಿರುಗುಪ್ಪದಾಗೂ ಇದ್ರಿ" ಅಂದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಚೀಟಿ ನನ್ನ ಕೈಗೆ ಕೊಟ್ಟು ಮತ್ತೆ ಗೆರೆ ಎಳೆಯತೊಡಗಿದರು.

ಅವರ ಮಾತನ್ನು ಕ್ಲಬ್ಬು ಚೀಟಿಯಲ್ಲಿ ಉಳಿಸಿಕೊಂಡಿತು, ಅವರನ್ನು ಹೊರಗಿಟ್ಟಿತು. ಮುಂದಿನ ಸವಾರಿಗೆ ನಾನು ಹೋಗಲಿಲ್ಲ ಅಂತ ಬರೆಯಲು ಎಷ್ಟು ಆಸೆಯಾಗುತ್ತಿದೆ. ಹೋದೆ. ಹೊಸದಾಗಿ ಸೇರಿದ್ದ ಒಬ್ಬ ಬ್ಯಾಂಕ್ ಗುಮಾಸ್ತರ ಜೊತೆ ಎಲ್ಲರಿಗಿಂತ ಹಿಂದೆ ಹೋದೆ. ಅವರು ನಿಲುಗಡೆಯಲ್ಲಿ ಕಾಲು ಚಾಚಿ, ಚಹಾ ಆರಿಸಿ ಆರಿಸಿ ಕುಡಿದು, "ಒಳ್ಳೆ ಕ್ಲಬ್ಬು ನೋಡ್ರಿ ನಿಮ್ದು, ನಿಧಾನ ಬರೋರ್ನ ಕಾಯ್ತಾರ" ಅಂದರು.

ನಾನು ಹೌದು ಅಂದೆ.