ಬೀರಪ್ಪನ ಟಗರು

ಹುನಗುಂದದ ಕಡೆಯ ಕುರುಬರ ಹುಲ್ಲಪ್ಪ ಭಾಳ ಸಿಟ್ಟಿನ ಮನುಷ್ಯ. ಎಪ್ಪತ್ತಾರನೇ ಇಸವಿಯಲ್ಲಿ ಅವನ ಹಿಂಡಿಗೆ ಕಜ್ಜಿ ಹತ್ತಿತು. ಕುರಿಗಳು ಗೋಡೆಗೆ ಮೈ ತಿಕ್ಕಿ ತಿಕ್ಕಿ ಉಣ್ಣೆ ಉದುರಿಸಿಕೊಂಡು ಸೊರಗಿದವು. ದನದ ದವಾಖಾನಿಯ ಡಾಕ್ಟರು ಹೇಳಿದಂತೆ ಉಣ್ಣೆ ಕತ್ತರಿಸಿ, ಔಷಧ ಕಲಸಿದ ನೀರಿನ ತೊಟ್ಟಿಯಲ್ಲಿ ಹಿಂಡನ್ನು ತಲೆ ಸಮೇತ ಮುಳುಗಿಸಿದ. ಹತ್ತು ದಿನಕ್ಕೆ ಇನ್ನೊಮ್ಮೆ ಮುಳುಗಿಸಿದ. ಆದರೂ ಎರಡು ತಿಂಗಳೊಳಗೆ ಕಜ್ಜಿ ಮರಳಿ ಬಂತು.

"ನಿಮ್ಮ ಔಷಧ ಬರೇ ನೀರು ಐತ್ರಿ," ಎಂದು ಹುಲ್ಲಪ್ಪ ದವಾಖಾನಿಯಲ್ಲಿ ಕೂಗಾಡಿದ.

"ಒಂದರ ಮೈಯಾಗ ಹುಳ ಉಳದ್ರೂ ಎಲ್ಲಾಕ್ಕೂ ಹತ್ತತೈತಪಾ. ಯಾವುದನ್ನಾರ ಬಿಟ್ಟೀಯೇನು?" ಎಂದರು ಡಾಕ್ಟರು.

"ನನ್ನ ಕುರಿ ಒಂದೂ ಬಿಟ್ಟಿಲ್ರಿ."

ಅವನು ಸುಳ್ಳು ಹೇಳಿರಲಿಲ್ಲ. ಕುಲದೇವರು ಬೀರಪ್ಪನ ಹೆಸರಿಗೆ ಬಿಟ್ಟ ಟಗರಿಗೆ ಕತ್ತರಿ ತಾಗಿಸಬಾರದೆಂದು ಅಪ್ಪ ಹೇಳಿದ್ದ. ಹಿಂಡಿನ ನಡುವೆಯೇ ಮಲಗುವ ಅದನ್ನು ಹುಲ್ಲಪ್ಪ ಎಂದೂ ತನ್ನದೆಂದು ಎಣಿಸಿರಲಿಲ್ಲ.

ಮನೆಗೆ ಬಂದಾಗ ಹೆಂಡತಿ ಸತ್ಯವ್ವ ಅದೇ ಟಗರಿನ ಉಣ್ಣೆ ಬಿಡಿಸಿ ತೋರಿಸಿದಳು. ಬುಡದಲ್ಲಿ ಹಳದಿ ಹಕ್ಕಳೆ, ಹಸಿ ರಕ್ತ.

"ನಮ್ಮವಕ್ಕ ಔಷಧ ಮಾಡಿದ್ರಿ, ದೇವರದನ್ನ ಹಂಗ ಬಿಟ್ರಿ," ಎಂದಳು.

ಹುಲ್ಲಪ್ಪ ಕತ್ತರಿ ತಂದ. ಅದನ್ನು ಟಗರಿನ ಮೈಗೆ ತಾಗಿಸಿದ. ಟಗರು ಕೊಸರಲಿಲ್ಲ. ತಣ್ಣನೆಯ ಕಬ್ಬಿಣಕ್ಕೆ ತುರಿಸುವ ಪಕ್ಕೆಯನ್ನು ತಾನೇ ಒತ್ತಿ ಒತ್ತಿ ತಿಕ್ಕಿತು.